ಕಾರ್ಟ್ರಿಡ್ಜ್ ನಂಬರಿನ ಕೊನೆಯ ಅಕ್ಷರ

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗೆ ಹೋಗಿ "ಎಚ್‌ಪಿ 2700ಕ್ಕೆ ಇಂಕ್ ಕೊಡಿ" ಎಂದು ಕೇಳಿದರೆ, ಅನುಭವಿ ಅಂಗಡಿಯವರು ಕಪಾಟಿಗೆ ಕೈ ಹಾಕುವ ಮೊದಲು ಒಂದು ಮರುಪ್ರಶ್ನೆ ಹಾಕುತ್ತಾರೆ: "ಬರೀ ಡೆಸ್ಕ್‌ಜೆಟ್ಟಾ ಸರ್, ಇಂಕ್ ಅಡ್ವಾಂಟೇಜಾ?" ಕೇಳಲೇಬೇಕಾದ ಪ್ರಶ್ನೆ ಅದು. ನಮ್ಮಲ್ಲಿ ಮಾರಾಟವಾಗುವ ಡೆಸ್ಕ್‌ಜೆಟ್ 2723ಕ್ಕೆ ಬೇಕಾದದ್ದು 805 ನಂಬರಿನ ಕಾರ್ಟ್ರಿಡ್ಜ್. ಡೆಸ್ಕ್‌ಜೆಟ್ ಇಂಕ್ ಅಡ್ವಾಂಟೇಜ್ 2776ಕ್ಕೆ ಬೇಕಾದದ್ದು 682. ಎರಡೂ ಪ್ರಿಂಟರ್‌ಗಳು ಅಕ್ಕತಂಗಿಯರಂತೆ ಕಾಣುತ್ತವೆ, ಎರಡಕ್ಕೂ 2700 ಸರಣಿ ಎಂಬ ಹೆಸರಿದೆ. ಆದರೆ ಒಂದರ ಇಂಕ್ ಇನ್ನೊಂದಕ್ಕೆ ಆಗುವುದಿಲ್ಲ.

ಸರಿಯಾದ ನಂಬರ್ ಹುಡುಕುವುದು ಪ್ರಿಂಟರಿನ ಪೂರ್ತಿ ಹೆಸರನ್ನು ಓದಿಕೊಳ್ಳುವುದರಿಂದ ಶುರುವಾಗುತ್ತದೆ. ಮುಂಭಾಗದಲ್ಲಿ ಕೆಲವೊಮ್ಮೆ ಸರಣಿಯ ಹೆಸರಷ್ಟೇ ಇರುತ್ತದೆ. ಪೂರ್ತಿ ಹೆಸರು ಇರುವುದು ಹಿಂಬದಿಯ ಅಥವಾ ಅಡಿಯ ಚೀಟಿಯಲ್ಲಿ, ಇಲ್ಲವೇ ಮುಚ್ಚಳ ತೆರೆದಾಗ ಕಾಣುವ ಒಳಭಾಗದಲ್ಲಿ. ಆ ಚೀಟಿಯಲ್ಲಿ ಎಡವಲು ಎರಡು ಜಾಗಗಳಿವೆ. ಒಂದು, "Regulatory Model Number" ಎಂಬ ಸಾಲು. ಸುರಕ್ಷತಾ ಪರೀಕ್ಷೆಗಳಿಗಾಗಿ ಕೊಟ್ಟ ಗುರುತು ಅದು. ಹಲವು ಮಾಡೆಲ್‌ಗಳು ಒಂದೇ ಗುರುತನ್ನು ಹಂಚಿಕೊಂಡಿರಬಹುದು, ಹಾಗಾಗಿ ಇಂಕ್ ಕೊಳ್ಳಲು ಅದು ಉಪಯೋಗಕ್ಕೆ ಬಾರದು. ಇನ್ನೊಂದು, ಪ್ರಾಡಕ್ಟ್ ನಂಬರ್. ಎಚ್‌ಪಿಯ ಲೇಸರ್‌ಜೆಟ್ M1136ರ ಪ್ರಾಡಕ್ಟ್ ನಂಬರ್ CE849A. ಅದರ ಟೋನರ್ ಕಾರ್ಟ್ರಿಡ್ಜಿನ ನಂಬರ್ CC388A, ಅಂಗಡಿಯ ಮಾತಿನಲ್ಲಿ 88A. ಎರಡರ ರೂಪವೂ ಒಂದೇ ಆದ್ದರಿಂದ, ಚೀಟಿಯಲ್ಲಿ ಕಂಡ ಮೊದಲ ನಂಬರನ್ನೇ ಬರೆದುಕೊಂಡು ಬಂದವರು ಪ್ರಿಂಟರಿನ ನಂಬರ್ ಹೇಳಿ ಕಾರ್ಟ್ರಿಡ್ಜ್ ಕೇಳುತ್ತಾರೆ.

ಒಳಗಿರುವ ಹಳೆಯ ಕಾರ್ಟ್ರಿಡ್ಜ್ ತೆಗೆದು ನಂಬರ್ ನೋಡುವುದು ಸುಲಭದ ದಾರಿ. ಅದು ಕಂಪನಿಯ ಅಸಲಿ ಕಾರ್ಟ್ರಿಡ್ಜ್ ಆಗಿದ್ದರೆ ನಂಬಬಹುದು. ರೀಫಿಲ್ ಆಗಿ ಬಂದದ್ದಾದರೆ ಮೇಲಿನ ಚೀಟಿ ಹರಿದಿರುತ್ತದೆ, ಅಥವಾ 12A, 303 ಎಂದು ಎರಡು ಮೂರು ನಂಬರ್‌ಗಳು ಒಟ್ಟಿಗೇ ಇರುತ್ತವೆ. ಆಗ ಪ್ರಿಂಟರಿನ ಹೆಸರಿಗೇ ಮರಳಬೇಕು.

ದೇಶ ಬದಲಾದರೆ ನಂಬರೂ ಬದಲಾಗುತ್ತದೆ. ಇಲ್ಲಿನ ಎಷ್ಟೋ ಕಚೇರಿ, ಜೆರಾಕ್ಸ್ ಅಂಗಡಿಗಳಲ್ಲಿರುವ M1136ಕ್ಕೆ 88A ಬೇಕು. ಅದೇ ಕುಟುಂಬದ, ಬೇರೆ ದೇಶಗಳಲ್ಲಿ ಮಾರಾಟವಾದ M1132ಕ್ಕೆ 85A, ಅಂದರೆ CE285A. ವಿದೇಶದಿಂದ ಮಗ ತಂದುಕೊಟ್ಟ ಪ್ರಿಂಟರಿಗೆ ಊರಿನ ಅಂಗಡಿಯ ಟೋನರ್ ಕೂರದೇ ಇದ್ದರೆ ಕಾರಣ ಇಲ್ಲಿರಬಹುದು. ಕಂಪನಿಯ ಜಾಲತಾಣದಲ್ಲಿ ಹುಡುಕುವಾಗಲೂ ಪ್ರಿಂಟರ್ ಕೊಂಡ ದೇಶದ ಪುಟವನ್ನೇ ತೆರೆಯಬೇಕು.

ನಂಬರ್ ಸಿಕ್ಕ ಮೇಲೆ ಎರಡನೆಯ ಗೊಂದಲ ಎದುರಾಗುತ್ತದೆ: ಸ್ಟ್ಯಾಂಡರ್ಡ್ ಕೊಳ್ಳುವುದೋ, ಹೈ ಯೀಲ್ಡೋ? ಈ ಪದಗಳನ್ನು ಅರ್ಥಮಾಡಿಕೊಳ್ಳಲು ಅಮೆರಿಕದಲ್ಲಿ ಮಾರಾಟವಾದ ಬ್ರದರ್ ಕಂಪನಿಯ HL-L2350DW ಎಂಬ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಒಳ್ಳೆಯ ಉದಾಹರಣೆ. ಪೆಟ್ಟಿಗೆಯೊಳಗೆ ಬರುವ ಸ್ಟಾರ್ಟರ್ ಟೋನರ್ ಸುಮಾರು 700 ಪುಟಗಳಿಗೆ. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡರ್ಡ್ ಟೋನರ್ TN730, 1,200 ಪುಟಗಳಿಗೆ. ಹೈ ಯೀಲ್ಡ್ ಟೋನರ್ TN760, 3,000 ಪುಟಗಳಿಗೆ. ಮೂರೂ ಕೂರುವುದು ಅದೇ ಜಾಗದಲ್ಲಿ, ಹೊರಗಿನ ಅಳತೆಯೂ ಅದೇ. ಬೇರೆಯಾಗುವುದು ಒಳಗೆ ತುಂಬಿದ ಪುಡಿಯ ಪ್ರಮಾಣ. ಮುದ್ರಣದ ಗುಣಮಟ್ಟ ಹೈ ಯೀಲ್ಡ್‌ನಲ್ಲಿ ಹೆಚ್ಚೂ ಅಲ್ಲ, ಸ್ಟ್ಯಾಂಡರ್ಡ್‌ನಲ್ಲಿ ಕಡಿಮೆಯೂ ಅಲ್ಲ.

ಹೊಸ ಪ್ರಿಂಟರ್ ಕೊಂಡ ಕೆಲವೇ ವಾರಗಳಲ್ಲಿ ಟೋನರ್ ಖಾಲಿಯಾಯಿತೆಂದು ದೂರುವವರು ಈ 700ರ ಲೆಕ್ಕ ನೋಡಬೇಕು. ದಿನಕ್ಕೆ 30 ಪುಟ ಮುದ್ರಿಸುವ ಕಚೇರಿಯಲ್ಲಿ ಅದು ಒಂದು ತಿಂಗಳೂ ಬಾಳುವುದಿಲ್ಲ. ಯಂತ್ರ ಕೆಟ್ಟಿಲ್ಲ, ಅದರೊಂದಿಗೆ ಬಂದ ಟೋನರೇ ಅಷ್ಟು. ಹೀಗಾಗಿ ಎರಡು ಪ್ರಿಂಟರ್‌ಗಳ ಬೆಲೆ ಹೋಲಿಸುವಾಗ, ಒಳಗಿರುವ ಟೋನರ್ ಎಷ್ಟು ಪುಟಗಳದ್ದು ಎಂದೂ ಕೇಳಬೇಕು. ಸಾವಿರ ರೂಪಾಯಿ ಕಡಿಮೆಗೆ ಸಿಕ್ಕ ಯಂತ್ರ, ಮೊದಲ ಟೋನರಿನ ಖರ್ಚು ಸೇರಿದಾಗ ದುಬಾರಿಯಾಗಿ ಬಿಡುವುದುಂಟು.

ಸ್ಟ್ಯಾಂಡರ್ಡ್, ಹೈ ಯೀಲ್ಡ್ ಎಂಬವು ಒಂದೇ ಕುಟುಂಬದೊಳಗಿನ ಮಾತು. ಬ್ರದರ್‌ನ ಹೈ ಯೀಲ್ಡ್ TN760 ಕೊಡುವುದು 3,000 ಪುಟ. ಎಚ್‌ಪಿ M402 ಪ್ರಿಂಟರಿನ ಸ್ಟ್ಯಾಂಡರ್ಡ್ ಟೋನರ್ 26A ಕೊಡುವುದು 3,100 ಪುಟ. ಅದರ ಹೈ ಯೀಲ್ಡ್ 26X ಕೊಡುವುದು 9,000. ಒಬ್ಬರ ಸಾಧಾರಣವೇ ಇನ್ನೊಬ್ಬರ ಹೆಚ್ಚಿಗಿಂತ ಹೆಚ್ಚು. ಆದ್ದರಿಂದ ಪೆಟ್ಟಿಗೆಯ ಮೇಲಿನ ಪದಕ್ಕಿಂತ ಪಕ್ಕದಲ್ಲಿರುವ ಪುಟಗಳ ಸಂಖ್ಯೆಯೇ ಮುಖ್ಯ.

ಹಾಗಾದರೆ ಎಲ್ಲರೂ ಕೊನೆಯಲ್ಲಿ X ಇರುವುದನ್ನೇ ಕೊಳ್ಳಬಹುದೇ? ಇಲ್ಲ. ಎಚ್‌ಪಿಯ P2055 ಪ್ರಿಂಟರಿಗೆ 05A, 05X ಎರಡೂ ಆಗುತ್ತವೆ. ನೋಡಲು ಹತ್ತಿರದ ಬಂಧುವಾದ P2035ಕ್ಕೆ 05A ಮಾತ್ರ. 05Xನಲ್ಲಿ ಪುಡಿ ತುಂಬುವ ಭಾಗ ದೊಡ್ಡದು, P2035ರೊಳಗೆ ಅದಕ್ಕೆ ಜಾಗವಿಲ್ಲ. ನಂಬರ್ ಸರಿಯಿದ್ದೂ ಕೊನೆಯ ಅಕ್ಷರ ತಪ್ಪಿದರೆ ಹಣ ಹೋದಂತೆಯೇ.

ಎರಡೂ ಆಗುವ ಪ್ರಿಂಟರಾದರೆ ಒಂದು ಭಾಗಾಕಾರ ಸಾಕು. 05A 2,300 ಪುಟಗಳದ್ದು, 05X 6,500 ಪುಟಗಳದ್ದು. ಬೆಲೆ ಕ್ರಮವಾಗಿ 6,000 ಮತ್ತು 14,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಪುಟಕ್ಕೆ ಸುಮಾರು 2 ರೂಪಾಯಿ 60 ಪೈಸೆ, ಎರಡನೆಯದರಲ್ಲಿ 2 ರೂಪಾಯಿ 15 ಪೈಸೆ. ದಿನವೂ ಮುದ್ರಿಸುವ ಶಾಲೆ, ವಕೀಲರ ಕಚೇರಿಗಳಿಗೆ ದೊಡ್ಡದೇ ಲಾಭ. ತಿಂಗಳಿಗೆ 50 ಪುಟ ಮುದ್ರಿಸುವ ಮನೆಯಲ್ಲಿ 6,500 ಪುಟ ಮುಗಿಯಲು ಹತ್ತು ವರ್ಷ ದಾಟುತ್ತದೆ. ಅಲ್ಲಿ ಚಿಕ್ಕದೇ ಸರಿ.

ಈ ಪುಟಗಳ ಸಂಖ್ಯೆ ಕಂಪನಿಯವರು ಮನಸ್ಸಿಗೆ ಬಂದಂತೆ ಬರೆದದ್ದಲ್ಲ. ಕಪ್ಪು ಟೋನರಿಗೆ ಐಎಸ್‌ಒ 19752 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕನಿಷ್ಠ ಮೂರು ಪ್ರಿಂಟರ್‌ಗಳಲ್ಲಿ ಒಟ್ಟು ಒಂಬತ್ತು ಕಾರ್ಟ್ರಿಡ್ಜ್‌ಗಳನ್ನು ಖಾಲಿಯಾಗುವವರೆಗೆ ಓಡಿಸಿ ಲೆಕ್ಕ ಹಾಕುತ್ತಾರೆ. ಆದರೆ ಪರೀಕ್ಷೆಯ ಪುಟದಲ್ಲಿ ಕಪ್ಪು ಆವರಿಸುವುದು ಹಾಳೆಯ ಸುಮಾರು ಶೇ. 5ರಷ್ಟು ಜಾಗವನ್ನು ಮಾತ್ರ, ಅಂದರೆ ಒಂದು ಸಣ್ಣ ಪತ್ರದಷ್ಟು. ಕಿಕ್ಕಿರಿದ ಪ್ರಶ್ನೆಪತ್ರಿಕೆ, ಲೋಗೋ ಇರುವ ರಸೀದಿ, ಆಧಾರ್ ಕಾರ್ಡಿನ ನಕಲು ಇವೆಲ್ಲ ಅದಕ್ಕಿಂತ ಹೆಚ್ಚು ಪುಡಿ ನುಂಗುತ್ತವೆ. ಶೇ. 10 ತುಂಬುವ ಪುಟಗಳನ್ನೇ ಮುದ್ರಿಸಿದರೆ 2,300 ಪುಟಗಳ ಟೋನರ್ 1,150ರ ಆಸುಪಾಸಿಗೇ ಮುಗಿಯುತ್ತದೆ.

ಇಂಕ್‌ಜೆಟ್‌ನಲ್ಲಿ ಹೈ ಯೀಲ್ಡ್‌ಗೆ XL ಎಂಬ ಗುರುತು. ಇಲ್ಲಿ ಇನ್ನೊಂದು ಎಚ್ಚರ ಬೇಕು: ಟೋನರ್ ಒಣ ಪುಡಿ, ಆದರೆ ಇಂಕ್ ಬಳಸದೇ ಬಿಟ್ಟರೆ ಒಣಗಿ ಸೂಕ್ಷ್ಮ ರಂಧ್ರಗಳನ್ನು ಕಟ್ಟಿಸುತ್ತದೆ. ಅಪರೂಪಕ್ಕೆ ಮುದ್ರಿಸುವವರ XL ಪೂರ್ತಿ ಖಾಲಿಯಾಗುವ ಮೊದಲೇ ಹಾಳಾಗಬಹುದು. ಹೊಸ ಎಚ್‌ಪಿ ಇಂಕ್‌ಜೆಟ್‌ಗಳ ಜೊತೆ ಬರುವ, SETUP ಎಂದು ಬರೆದ ಕಾರ್ಟ್ರಿಡ್ಜ್‌ಗಳ ವಿಷಯವೂ ಬೇರೆ. ಅವು ಪ್ರಿಂಟರನ್ನು ಮೊದಲ ಬಾರಿ ಸಜ್ಜುಗೊಳಿಸುವುದಕ್ಕೆ ಮಾತ್ರ. ಒಮ್ಮೆ ಸಜ್ಜಾದ ಪ್ರಿಂಟರಿಗೆ ಬೇರೆ SETUP ಕಾರ್ಟ್ರಿಡ್ಜ್ ಹಾಕಿದರೆ, ಅದನ್ನು ತೆಗೆಯಿರಿ ಎಂಬ ಸೂಚನೆ ಬರುತ್ತದೆ. ಯಾರಾದರೂ ಪೆಟ್ಟಿಗೆಯಿಲ್ಲದೆ "ಹೊಸದೇ" ಎಂದು ಅಗ್ಗಕ್ಕೆ ಮಾರಿದರೆ, ಮೈಮೇಲೆ ಆ ಐದು ಅಕ್ಷರಗಳಿವೆಯೇ ಎಂದು ಮೊದಲು ನೋಡಿ.

ಕಾರ್ಟ್ರಿಡ್ಜ್ ಪೆಟ್ಟಿಗೆಯ ಮೇಲೆ ಅದು ಹೊಂದುವ ಪ್ರಿಂಟರ್‌ಗಳ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಪ್ರಿಂಟರಿನ ಚೀಟಿಯ ಫೋಟೋವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ಪೂರ್ತಿ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೋಡಿದ ಮೇಲೆಯೇ ಸೀಲ್ ಒಡೆಯಿರಿ.