ಹೊಟ್ಟೆಯ ಎಕ್ಸ್‌ರೇಯಲ್ಲಿ ಕಾಣುವ ಏಣಿ



ಮಾವಿನ ತೋಟಕ್ಕೆ ನೀರು ಹಾಯಿಸುವಾಗ ಕಾಲುವೆಗೆ ಕಸ ಅಡ್ಡ ಬಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅಡ್ಡದ ಹಿಂದೆ ನೀರು ತುಂಬಿ ನಿಲ್ಲುತ್ತದೆ, ಮುಂದಿನ ಕಾಲುವೆ ಒಣಗುತ್ತದೆ. ಕರುಳು ಕಟ್ಟಿಕೊಂಡಾಗ ಹೊಟ್ಟೆಯೊಳಗೆ ಆಗುವುದೂ ಇದೇ.

ಹೊಸೂರು ಕಡೆಯ ರೈತರೊಬ್ಬರಿಗೆ ಒಂದು ರಾತ್ರಿ ಹೊಟ್ಟೆನೋವು ಬಂತು. ನೋವು ಅಲೆಯಂತೆ ಏರುವುದು, ಇಳಿಯುವುದು. ಹಸಿರು ವಾಂತಿಯಾಯಿತು. ಹೊಟ್ಟೆ ಉಬ್ಬಿತು. ಮಲವೂ ಇಲ್ಲ, ಗಾಳಿಯೂ ಹೋಗಲಿಲ್ಲ. ಮನೆಯವರು ವಾಯು ಎಂದುಕೊಂಡು ಹರಳೆಣ್ಣೆ ಕುಡಿಸಿದರು, ನೋವು ಹೆಚ್ಚಾಯಿತು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ನಾನೂ ಜೊತೆಯಲ್ಲಿದ್ದೆ.

ವೈದ್ಯರು ಮಲಗಿಸಿ ಒಂದು, ನಿಲ್ಲಿಸಿ ಒಂದು ಎಕ್ಸ್‌ರೇ ತೆಗೆಸಿ ನನಗೂ ತೋರಿಸಿದರು. ಎಕ್ಸ್‌ರೇಯಲ್ಲಿ ಗಾಳಿ ಕಪ್ಪಾಗಿ ಕಾಣುತ್ತದೆ, ನೀರು ಮಾಸಲು ಬಿಳುಪಾಗಿ. ಮಲಗಿದ ಚಿತ್ರದಲ್ಲಿ ಗಾಳಿ ತುಂಬಿ ಊದಿದ ಸಣ್ಣ ಕರುಳಿನ ಸುರುಳಿಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಇದ್ದವು. ಸಣ್ಣ ಕರುಳು 3 ಸೆಂಟಿಮೀಟರಿಗಿಂತ ಅಗಲವಾದರೆ ಊದಿದೆ ಎಂದರ್ಥ. ಅದರ ಮಡಿಕೆಗಳ ಗೆರೆಗಳು ಕರುಳಿನ ಈ ಅಂಚಿನಿಂದ ಆ ಅಂಚಿನವರೆಗೂ ಹಾಯುತ್ತವೆ. ದೊಡ್ಡ ಕರುಳಿನ ಗೆರೆಗಳು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತವೆ. ನಿಂತ ಚಿತ್ರದಲ್ಲಿ ನೀರು ಕೆಳಗಿಳಿದು ಗಾಳಿ ಮೇಲೇರಿ, ನಡುವೆ ಸೀಸೆಯಲ್ಲಿ ಕಾಣುವಂತಹ ನೇರ ಮಟ್ಟ ಮೂಡಿತ್ತು. ಅಂತಹ ಮಟ್ಟಗಳು ಹಲವು. ಕೆಳಗಿನ ದೊಡ್ಡ ಕರುಳಿನಲ್ಲಿ ಮಾತ್ರ ಗಾಳಿಯೇ ಇರಲಿಲ್ಲ. ಅದು ಒಣಗಿದ ಕಾಲುವೆ.

ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಹಿಂದೆ ಹೊಟ್ಟೆಯ ಆಪರೇಷನ್ ಆಗಿದೆಯೇ?" ಅಪೆಂಡಿಕ್ಸ್ ತೆಗೆದು ಹತ್ತು ವರ್ಷವಾಗಿತ್ತು. ಹಳೆಯ ಗಾಯ ಮಾಯುವಾಗ ಒಳಗೆ ಹುಟ್ಟುವ ಅಂಟುಪಟ್ಟಿಗಳು ಎಷ್ಟೋ ವರ್ಷಗಳ ಮೇಲೂ ಕರುಳನ್ನು ಹಿಡಿದು ಮಡಿಸಬಲ್ಲವು. ಇವರ ಬಾಯಿಗೆ ಏನೂ ಕೊಡದೆ, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ, ರಕ್ತನಾಳಕ್ಕೆ ಸಲೈನ್ ಕೊಟ್ಟರು. ಎರಡನೆಯ ದಿನ ಗಾಳಿ ಹೋಯಿತು, ಆಪರೇಷನ್ ಬೇಕಾಗಲಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ಕರುಳಿಗೆ ರಕ್ತ ನಿಂತರೆ ಅದು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಈ ಚಿತ್ರ ಅದನ್ನು ಸರಿಯಾಗಿ ಹೇಳಲಾರದು. ಸುರುಳಿಯಲ್ಲಿ ಬರೀ ನೀರೇ ತುಂಬಿದ್ದರೆ ಮಟ್ಟಗಳೂ ಕಾಣವು. ಬರಿಯ ಭೇದಿಯಲ್ಲಿಯೂ ಕೆಲವು ಮಟ್ಟಗಳು ಕಾಣಬಹುದು. ಆದ್ದರಿಂದ ಇಂದು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಅಲೆಯಂತಿದ್ದ ನೋವು ಬಿಡದೆ ನಿಂತರೆ, ಜ್ವರ ಬಂದರೆ, ನಾಡಿ ಓಡಿದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ ಆಪರೇಷನ್ನಿಗೆ ತಡಮಾಡುವಂತಿಲ್ಲ.

ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ನಿಂತರೆ ಹರಳೆಣ್ಣೆ, ಭೇದಿಮಾತ್ರೆ, ಊಟ ಯಾವುದನ್ನೂ ಕೊಡಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ. ಹಳೆಯ ಆಪರೇಷನ್ನಿನ ಗುರುತನ್ನು ವೈದ್ಯರಿಗೆ ತೋರಿಸಿ. ತೊಡೆಸಂದಿನಲ್ಲಿ ಒಳಗೆ ಹೋಗದ ಗಂಟಿದ್ದರೆ ನಾಚದೆ ಅದನ್ನೂ ತೋರಿಸಿ. ಕರುಳು ಸಿಕ್ಕಿಕೊಂಡಿರುವುದು ಅಲ್ಲಿಯೇ ಇರಬಹುದು.