ಮಣಿಕಟ್ಟಿನ ಅಳತೆಗೊಂದು ವಾಚು

ಕಳೆದ ವರ್ಷ ಆನ್‌ಲೈನಿನಲ್ಲಿ ಒಂದು ವಾಚು ತರಿಸಿದೆ. ಕೇಸು 42 ಮಿಲಿಮೀಟರ್ ಎಂದು ಬರೆದಿತ್ತು. ಸ್ನೇಹಿತನ ಕೈಮೇಲೆ ಅದೇ ಅಳತೆಯ ವಾಚು ಚೆನ್ನಾಗಿ ಕಂಡಿದ್ದರಿಂದ ಹೆಚ್ಚು ಯೋಚಿಸಲಿಲ್ಲ. ಬಂದದ್ದನ್ನು ಕಟ್ಟಿಕೊಂಡು ಮನೆಯವಳಿಗೆ ತೋರಿಸಿದರೆ, "ಇದೇನ್ರೀ, ತಟ್ಟೆ ಕಟ್ಟಿಕೊಂಡ ಹಾಗಿದೆ" ಅಂದಳು. ನೋಡಿದರೆ ನಿಜ. ವಾಚಿನ ಎರಡೂ ತುದಿ ಮಣಿಕಟ್ಟಿನ ಅಂಚು ದಾಟಿ ಗಾಳಿಯಲ್ಲಿದ್ದವು. ಬೆಲ್ಟು ಅಲ್ಲಿಂದ ನೇರ ಕೆಳಕ್ಕೆ ಇಳಿದಿತ್ತು, ಚರ್ಮಕ್ಕೂ ಅದಕ್ಕೂ ನಡುವೆ ಪೆನ್ಸಿಲ್ ತೂರುವಷ್ಟು ಜಾಗ.

ಊರಿನ ಬಸ್‌ಸ್ಟ್ಯಾಂಡ್ ಎದುರಿನ ವಾಚ್ ರಿಪೇರಿಯವರ ಬಳಿ ಒಯ್ದೆ. ಅವರು ಡಯಲ್ ಕಡೆ ನೋಡಲೇ ಇಲ್ಲ. ಸ್ಕೇಲ್ ತೆಗೆದು ವಾಚನ್ನು ಉದ್ದಕ್ಕೆ ಅಳೆದರು. "51 ಇದೆ ಸಾರ್. ನಿಮ್ಮ ಕೈ ನೋಡಿ" ಎಂದು ಅದೇ ಸ್ಕೇಲನ್ನು ನನ್ನ ಮಣಿಕಟ್ಟಿನ ಮೇಲೆ ಅಡ್ಡಕ್ಕೆ ಇಟ್ಟರು. ಸಮತಟ್ಟಾದ ಜಾಗ 48 ಮಿಲಿಮೀಟರ್. ಮೂರು ಮಿಲಿಮೀಟರ್ ಹೊರಗೆ ಬೀಳಲೇಬೇಕಿತ್ತು.

ಕೇಸಿನ ನಾಲ್ಕು ಮೂಲೆಯಿಂದ ಚಾಚಿಕೊಂಡಿರುವ ಕೊಂಬುಗಳಿಗೆ ಲಗ್ ಎನ್ನುತ್ತಾರೆ. ಬೆಲ್ಟು ಸಿಕ್ಕಿಕೊಳ್ಳುವುದು ಅವುಗಳ ನಡುವೆ. ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಯವರೆಗಿನ ಉದ್ದವೇ ಕೈಮೇಲೆ ವಾಚು ಹಿಡಿಯುವ ಜಾಗ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಮಾತ್ರ ಕೇಸಿನ ವ್ಯಾಸ, ಅಂದರೆ ಕೀಲಿ ತಿರುಗಿಸುವ ತಿರುಪನ್ನು ಬಿಟ್ಟು ಅಳೆದ ಅಗಲ. ಇವೆರಡು ಒಟ್ಟಿಗೇ ಹೆಚ್ಚು ಕಡಿಮೆಯಾಗಬೇಕೆಂದೇನೂ ಇಲ್ಲ. ಜಪಾನಿನ ಸೀಕೋ ಕಂಪನಿಯ ಎಸ್‌ಕೆಎಕ್ಸ್ 007 ಎಂಬ ಡೈವಿಂಗ್ ವಾಚಿನ ವ್ಯಾಸ 42.5 ಮಿ.ಮೀ. ಕೇಳಿದರೆ ಭಾರೀ ಎನಿಸುತ್ತದೆ. ಆದರೆ ಲಗ್‌ಗಳು ಗಿಡ್ಡ, ಒಟ್ಟು ಉದ್ದ ಸುಮಾರು 46 ಮಾತ್ರ. ಜರ್ಮನಿಯ ನೋಮೋಸ್ ಟ್ಯಾಂಜೆಂಟೆ 38 ಎಂಬುದು 37.5 ಮಿ.ಮೀ. ವ್ಯಾಸದ ತೆಳ್ಳನೆಯ ವಾಚು. ಅದರ ಲಗ್‌ಗಳು ನೀಳ, ಹಾಗಾಗಿ ಉದ್ದ 48ರ ಹತ್ತಿರ ಹೋಗುತ್ತದೆ. ವ್ಯಾಸದಲ್ಲಿ ಚಿಕ್ಕದಾದದ್ದೇ ಕೈಮೇಲೆ ಹೆಚ್ಚು ಉದ್ದ ಚಾಚುತ್ತದೆ! ಸ್ನೇಹಿತನ 42 ಅವನ ಕೈಗೆ ಹೊಂದಿ ನನ್ನ 42 ನನಗೆ ಹೊಂದದಿದ್ದರ ಗುಟ್ಟು ಇಷ್ಟೇ.

ಆದ್ದರಿಂದ ಮೊದಲು ಅಳೆಯಬೇಕಾದ್ದು ಕೈ. ಕಿರುಬೆರಳ ಕಡೆ ಉಬ್ಬಿಕೊಂಡಿರುವ ಮೂಳೆಯ ಹಿಂದೆ, ಮೊಣಕೈ ಕಡೆಗೆ, ವಾಚು ಕೂರುವ ಜಾಗದಲ್ಲಿ ದರ್ಜಿಯ ಟೇಪನ್ನು ಬಿಗಿ ಮಾಡದೆ ಸುತ್ತಬೇಕು. ಟೇಪ್ ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿನ ಮೇಲೆ ಇಡಿ. ನನ್ನದು 15.5 ಸೆಂಟಿಮೀಟರ್. ಇದು ಬೆಲ್ಟಿಗೆ ಬೇಕಾದ ಲೆಕ್ಕ, ಕೇಸಿಗೆ ಸಾಲದು. ಮಣಿಕಟ್ಟು ಬಳೆಯಂತೆ ದುಂಡಗಿರುವುದಿಲ್ಲ. ಒಂದೇ ಸುತ್ತಳತೆಯ ಇಬ್ಬರಲ್ಲಿ ಒಬ್ಬರ ಕೈ ಚಪ್ಪಟೆ, ಇನ್ನೊಬ್ಬರದು ಗುಂಡಗೆ ಇರಬಹುದು. ಚಪ್ಪಟೆ ಕೈ ಉದ್ದನೆಯ ವಾಚನ್ನು ಹೊರುತ್ತದೆ, ಗುಂಡನೆಯದು ಹೊರಲಾರದು. ಅದಕ್ಕೇ ಮೇಲ್ಭಾಗದ ಸಮತಟ್ಟನ್ನು ಬೇರೆಯಾಗಿ ಅಳೆಯುವುದು. ವಾಚಿನ ಉದ್ದ ಅದಕ್ಕಿಂತ ಎರಡು ಮೂರು ಮಿ.ಮೀ. ಕಡಿಮೆ ಇದ್ದರೆ ನೆಮ್ಮದಿ. ಲಗ್‌ಗಳು ಕೆಳಮುಖವಾಗಿ ಬಾಗಿದ್ದರೆ ಕೊಂಚ ಹೆಚ್ಚಿದ್ದರೂ ನಡೆಯುತ್ತದೆ. ಲೋಹದ ಚೈನಿನ ಮೊದಲ ಕೊಂಡಿ ಬಾಗದೆ ನೇರ ನಿಲ್ಲುವಂಥದ್ದಾದರೆ ಅದರ ಉದ್ದವನ್ನೂ ಸೇರಿಸಿಕೊಳ್ಳಬೇಕು. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಫೋಟೊ ನೋಡಿ ತೀರ್ಮಾನಿಸಬೇಡಿ. ಕ್ಯಾಮೆರಾಗೆ ಹತ್ತಿರವಿರುವ ವಾಚು ಉಬ್ಬಿ ಕಾಣುತ್ತದೆ. ಕನ್ನಡಿಯ ಮುಂದೆ ನಿಂತು ನೋಡಿ.

ಎರಡು ಲಗ್‌ಗಳ ನಡುವಿನ ಕಂಡಿಯ ಅಗಲ ಇನ್ನೊಂದು ಅಳತೆ. ಬೆಲ್ಟ್ ಅಂಗಡಿಯಲ್ಲಿ ಕೇಳುವ 18, 20, 22 ಎಂದರೆ ಅದೇ. ವ್ಯಾಸದ ಅರ್ಧದಷ್ಟಿದ್ದರೆ ಕಣ್ಣಿಗೆ ಹಿತ, 36ಕ್ಕೆ 18, 40ಕ್ಕೆ 20. ಇದು ರೂಢಿಯೇ ಹೊರತು ನಿಯಮವಲ್ಲ. ಇದನ್ನು ಅಳೆಯುವಾಗ ಹಳೆಯ ಬೆಲ್ಟಿನ ಅಗಲ ನೋಡಿ ಮೋಸ ಹೋಗುವವರೇ ಹೆಚ್ಚು. ಬೆವರಿಗೆ ಚರ್ಮ ಸುಕ್ಕಾಗಿರುತ್ತದೆ, ಅಥವಾ ಹಿಂದೆ ಯಾರೋ ತಪ್ಪು ಅಳತೆಯದನ್ನೇ ತುರುಕಿರುತ್ತಾರೆ. ಬೆಲ್ಟು ಬಿಚ್ಚಿ, ಲಗ್‌ಗಳ ಒಳಮೈಯಿಂದ ಒಳಮೈಗೆ ಅಳೆಯಿರಿ. 20ರ ಕಂಡಿಗೆ 18ರ ಬೆಲ್ಟು ಹಾಕಿದರೆ ಎರಡೂ ಬದಿ ಪಿನ್ನು ಕಾಣುತ್ತದೆ, ಬೆಲ್ಟು ಅತ್ತಿತ್ತ ಸರಿಯುತ್ತದೆ. 19ರ ಕಂಡಿಗೆ ಮೆತ್ತನೆಯ ಚರ್ಮದ 20 ಒತ್ತಿದರೆ ಕೂರುತ್ತದೆ. ಲೋಹದ ಚೈನಾದರೆ ಆ ಒಂದು ಮಿಲಿಮೀಟರಿಗೂ ಜಗ್ಗುವುದಿಲ್ಲ.

ಬೆಲ್ಟನ್ನು ಹಿಡಿದಿರುವುದು ಒಳಗೆ ಸ್ಪ್ರಿಂಗ್ ಇರುವ ತೆಳ್ಳನೆಯ ಪಿನ್ನು. ಅದರ ಎರಡು ತುದಿ ಒತ್ತಿದರೆ ಒಳಹೋಗುತ್ತವೆ, ಬಿಟ್ಟರೆ ಲಗ್ಗಿನ ತೂತಿಗೆ ಸೇರುತ್ತವೆ. ಬೆಲ್ಟು ಬದಲಿಸುವಾಗ ಪಿನ್ನೂ ಕಂಡಿಯ ಅಳತೆಯದೇ ಇರಲಿ. ಗಿಡ್ಡ ಪಿನ್ನಿನ ತುದಿ ತೂತಿನಲ್ಲಿ ಅರೆಬರೆ ನಿಂತು, ಒಂದು ದಿನ ಬಸ್ಸಿನ ಕಂಬಿ ತಗುಲಿದಾಗ ವಾಚು ಕೆಳಗೆ ಬೀಳುತ್ತದೆ. ಹಾಕಿದ ಮೇಲೆ "ಟಿಕ್" ಎಂಬ ಸದ್ದು ಕೇಳಬೇಕು, ಬೆಲ್ಟನ್ನು ಒಮ್ಮೆ ಬಲವಾಗಿ ಎಳೆದು ನೋಡಬೇಕು.

ಉಳಿದದ್ದು ಉದ್ದ. ಮಾಮೂಲಿ ಬೆಲ್ಟಿನಲ್ಲಿ ಬಕಲ್ ಇರುವ ತುಂಡು ಸುಮಾರು 75 ಮಿ.ಮೀ., ತೂತುಗಳಿರುವುದು ಸುಮಾರು 115. ನನ್ನದರಲ್ಲಿ ಅತಿ ಬಿಗಿಯಾದ ತೂತು ಲಗ್ ಕಡೆಯಿಂದ 46ರಲ್ಲಿತ್ತು. ಹೊಸ ವಾಚಿನಲ್ಲಿ ಪಿನ್ನಿನಿಂದ ಪಿನ್ನಿಗೆ 44. ಕೂಡಿ ನೋಡಿ: 44, 75, 46, ಒಟ್ಟು 165. ಕೈ 155. ಬೆಲ್ಟಿನ ದಪ್ಪಕ್ಕೆ ಒಂದಷ್ಟು ಕಳೆದರೂ ವಾಚು ಜಾರುತ್ತಿತ್ತು. ರಿಪೇರಿಯವರು ಇನ್ನೊಂದು ತೂತು ಹೊಡೆಯಬಹುದಿತ್ತು, ಆದರೆ ಹೊಡೆಯಲಿಲ್ಲ. ತೂತು ಕೂಡಿಸಿದರೆ ಸುತ್ತು ಬಿಗಿಯಾಗುತ್ತದೆಯೇ ಹೊರತು 75ರ ತುಂಡು ಗಿಡ್ಡವಾಗುವುದಿಲ್ಲ. ಸಣ್ಣ ಕೈಯಲ್ಲಿ ಬಕಲ್ ಒಳಮಣಿಕಟ್ಟಿನ ನಡುವೆ ನಿಲ್ಲದೆ ಹೆಬ್ಬೆರಳ ಕಡೆಗೆ ಹತ್ತುತ್ತದೆ, ಡಯಲ್ ಸದಾ ಒಂದು ಬದಿಗೆ ಉರುಳುತ್ತದೆ. "ಗಿಡ್ಡ ಬೆಲ್ಟ್ ಹಾಕ್ತೀನಿ" ಎಂದು 65–105ರ ಜೋಡಿ ಕೊಟ್ಟರು. ಬಕಲ್ ಹತ್ತು ಮಿಲಿಮೀಟರ್ ನಡುವಿನತ್ತ ಸರಿಯಿತು, ವಾಚು ಉರುಳುವುದು ನಿಂತಿತು. ಲಗ್‌ಗಳು ಮಾತ್ರ ಮೊದಲಿನಂತೆಯೇ ಹೊರಗೆ. ಕೇಸಿನ ಉದ್ದವನ್ನು ಯಾವ ಬೆಲ್ಟೂ ಕಡಿಮೆ ಮಾಡದು.

ಬಿಗಿ ನೋಡುವುದಕ್ಕೆ ಬೆಳಗಿನ ಹೊತ್ತು ಸರಿಯಲ್ಲ. ಸೆಕೆಗೆ, ನಡಿಗೆಗೆ ಸಂಜೆಯ ಹೊತ್ತಿಗೆ ಮಣಿಕಟ್ಟು ತುಸು ಊದಿಕೊಳ್ಳುತ್ತದೆ. ಆಗಲೂ ಬಕಲ್ ಹತ್ತಿರ ಕಿರುಬೆರಳು ತೂರಿದರೆ ಸಾಕು.

ಆಮೇಲೆ ಮನೆಯಲ್ಲಿದ್ದ ಅಪ್ಪನ ಎಚ್‌ಎಂಟಿ ಜನತಾ ತೆಗೆದು ಅಳೆದೆ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ತೊಡಗಿದ ಕಾರ್ಖಾನೆಯ ಮನೆತನ ಅದು. ವ್ಯಾಸ 35, ಲಗ್ಗಿನಿಂದ ಲಗ್ಗಿಗೆ 42, ಕಂಡಿ 18. ಪಿನ್ನಿನಿಂದ ಪಿನ್ನಿಗೆ 36 ಆದ್ದರಿಂದ ಮಾಮೂಲಿ ಉದ್ದದ ಬೆಲ್ಟೇ 157ಕ್ಕೆ ಬಂದು ಕೂತಿತು. ಚಿಕ್ಕ ವಾಚು ಎಂದು ಮೂಗು ಮುರಿದಿದ್ದವನು ಈಗ ದಿನವೂ ಅದಕ್ಕೆ ಕೀಲಿ ಕೊಡುತ್ತೇನೆ. 42ರ ವಾಚು ಭಾವಮೈದುನನ ಕೈ ಸೇರಿತು, ಅವನ ಮಣಿಕಟ್ಟು 18 ಸೆಂಟಿಮೀಟರ್. ನೀವು ಮುಂದಿನ ಸಲ ಆನ್‌ಲೈನಿನಲ್ಲಿ ಕೊಳ್ಳುವ ಮುಂಚೆ ಮಾರುವವರನ್ನು ಒಂದು ಮಾತು ಕೇಳಿ: ಲಗ್ಗಿನಿಂದ ಲಗ್ಗಿಗೆ ಎಷ್ಟು? ಹೇಳದಿದ್ದರೆ ಹಿಂದಿರುಗಿಸಲು ಅವಕಾಶವಿರುವ ಕಡೆ ಮಾತ್ರ ಕೊಳ್ಳಿ.