ಒಂದೂವರೆ ಜಿಬಿ ಮಧ್ಯಾಹ್ನಕ್ಕೇ ಮುಗಿಯುವುದೇಕೆ?

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರೊಬ್ಬರನ್ನು ನೆನೆಸಿಕೊಳ್ಳಿ. ಅವರದು ದಿನಕ್ಕೆ 1.5 ಜಿಬಿ ಸಿಗುವ ಪ್ಯಾಕ್. ಬೆಳಿಗ್ಗೆ ಒಂದೂವರೆ ಗಂಟೆ ಯೂಟ್ಯೂಬ್‌ನಲ್ಲಿ ಹಾಡು ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಾರೆ, ಸಂಜೆ ಅಷ್ಟೇ ಹೊತ್ತು ವಿಡಿಯೊ ನೋಡುತ್ತಾರೆ. ಆದರೆ ಸಂಜೆಯ ರೈಲು ಹತ್ತುವ ಮೊದಲೇ ‘ಡೇಟಾ ಮುಗಿದಿದೆ’ ಎಂಬ ಮೆಸೇಜ್ ಬಂದಿರುತ್ತದೆ. ಆಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದರಲ್ಲಿ ವಿಡಿಯೊ ಅಂತೂ ಓಡುವುದಿಲ್ಲ, ಫೋನ್‌ಪೇ ತೆರೆಯುವುದಕ್ಕೂ ಕಾಯಬೇಕು.

ಇದಕ್ಕೆ ಮೂಲ ಕಾರಣ Auto ಎಂಬ ಆಯ್ಕೆ. ಇದು ನೆಟ್‌ವರ್ಕ್ ಎಷ್ಟು ವೇಗವಾಗಿದೆ ಎಂಬುದನ್ನು ನೋಡುತ್ತದೆಯೇ ಹೊರತು, ನಿಮ್ಮ ಪ್ಯಾಕ್‌ನಲ್ಲಿ ಎಷ್ಟು ಉಳಿದಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಸಿಗ್ನಲ್ ಚೆನ್ನಾಗಿದ್ದಷ್ಟೂ ಚಿತ್ರ ಸ್ಫುಟವಾಗುತ್ತದೆ, ಡೇಟಾ ಬೇಗ ಕರಗುತ್ತದೆ. ಹಾಗಾಗಿಯೇ 5ಜಿ ಸಿಕ್ಕ ಊರಿನಲ್ಲಿ ಪ್ಯಾಕ್ ಇನ್ನೂ ಬೇಗ ಬರಿದಾಗುತ್ತದೆ. 720p ಗುಣಮಟ್ಟದಲ್ಲಿ ಒಂದು ಗಂಟೆಯ ವಿಡಿಯೊಗೆ ಮುಕ್ಕಾಲು ಜಿಬಿಯಷ್ಟು ಹೋಗಬಹುದು. 360pಯಲ್ಲಿ ಕಾಲು ಜಿಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂಗೈಯಗಲದ ಪರದೆಯಲ್ಲಿ ಮಾತುಕತೆ, ಹಾಸ್ಯ, ಅಡುಗೆ ನೋಡುವುದಕ್ಕೆ 360p ಸಾಕು. ಕ್ರಿಕೆಟ್ ಚೆಂಡು ಕಾಣಬೇಕು, ಪಾಠದ ಬೋರ್ಡಿನ ಅಕ್ಷರ ಓದಬೇಕು ಎಂದರೆ ಮಾತ್ರ ಸಾಲದು.

ಬಹಳ ಜನ ವಿಡಿಯೊ ಓಡುವಾಗಲೇ ಗುಣಮಟ್ಟ ಇಳಿಸುತ್ತಾರೆ. ಅದು ಆ ಒಂದು ವಿಡಿಯೊಗೆ ಮಾತ್ರ. ಮುಂದಿನದು ಮತ್ತೆ ಮೊದಲಿನಂತೆಯೇ ಬರುತ್ತದೆ. ಶಾಶ್ವತವಾಗಿ ಇಳಿಸಬೇಕಾದರೆ ಯೂಟ್ಯೂಬ್‌ನ Settings ಒಳಗೆ Video quality preferences ತೆರೆದು, ಮೊಬೈಲ್ ನೆಟ್‌ವರ್ಕ್‌ನ ಕೆಳಗೆ Data saver ಆರಿಸಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಇದೇ ಕೆಲಸಕ್ಕೆ Save Data ಇದೆ. ಅದರಲ್ಲಿ ಒಂದು ಜಿಬಿಗೆ ಸುಮಾರು ಆರು ಗಂಟೆ ನೋಡಬಹುದು ಎಂದು ಆ ಸಂಸ್ಥೆಯೇ ಹೇಳುತ್ತದೆ.

ಇನ್ನು ಬೆಳಗಿನ ಹಾಡಿನ ವಿಷಯ. ನನ್ನ ಪ್ರಕಾರ ಅತಿ ದೊಡ್ಡ ಸೋರಿಕೆ ಇರುವುದು ಇಲ್ಲಿಯೇ. ಕಣ್ಣು ಮುಚ್ಚಿ ಹಾಡು ಕೇಳಿದರೂ ಯೂಟ್ಯೂಬ್ ಚಿತ್ರವನ್ನು ತರಿಸಿಕೊಳ್ಳುತ್ತಲೇ ಇರುತ್ತದೆ, ಡೇಟಾದ ಬಹುಪಾಲು ಹೋಗುವುದೂ ಚಿತ್ರಕ್ಕೇ. ಅದೇ ಹಾಡನ್ನು ಸಂಗೀತದ ಆ್ಯಪ್‌ನಲ್ಲಿ 96 ಕೆಬಿಪಿಎಸ್ ಗುಣಮಟ್ಟದಲ್ಲಿ ಕೇಳಿದರೆ ಗಂಟೆಗೆ 43 ಎಂಬಿ ಸಾಕು. ಸ್ಪಾಟಿಫೈನಲ್ಲಿ Normal ಎಂದರೆ ಇದೇ. ಅದರ Low ಆಯ್ಕೆ 24 ಕೆಬಿಪಿಎಸ್‌ನದು. ದನಿ ಮಸುಕಾದರೂ ಗಂಟೆಗೆ 11 ಎಂಬಿಯಲ್ಲಿ ಮುಗಿಯುತ್ತದೆ. ಪ್ಯಾಕ್ ಮುಗಿದು ವೇಗ 64ಕ್ಕೆ ಇಳಿದ ಮೇಲೂ ಇದು ಓಡುವ ಸಾಧ್ಯತೆ ಉಂಟು.

ನಮ್ಮ ತುಮಕೂರಿನ ಪ್ರಯಾಣಿಕರ ಲೆಕ್ಕವನ್ನು ಈಗ ಮತ್ತೆ ಹಾಕೋಣ. ಮೊದಲು ಹಾಡಿಗೆ ಒಂದು ಜಿಬಿಗೂ ಹೆಚ್ಚು, ವಿಡಿಯೊಗೆ ಅಷ್ಟೇ. ಒಟ್ಟು ಎರಡು ಜಿಬಿ ಮೀರುತ್ತಿತ್ತು. ಬದಲಾಯಿಸಿದ ಮೇಲೆ ಹಾಡಿಗೆ 65 ಎಂಬಿ, ವಿಡಿಯೊಗೆ 400 ಎಂಬಿಯ ಹತ್ತಿರ. ಸುಮಾರು ಒಂದು ಜಿಬಿ ಉಳಿಯಿತು.

ಉಳಿದದ್ದು ನಾಳೆಗೆ ಸಿಗುತ್ತದೆಯೇ? ಹೆಚ್ಚಿನ ದಿನವಹಿ ಪ್ಯಾಕ್‌ಗಳಲ್ಲಿ ರಾತ್ರಿ 12ಕ್ಕೆ ಅದು ಹೋಗಿಬಿಡುತ್ತದೆ. ಆದ್ದರಿಂದ ಮಲಗುವ ಮೊದಲು ಆ ಡೇಟಾದಲ್ಲೇ ನಾಳೆ ನೋಡುವುದನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಜಾಣತನ. ವೈಫೈನಲ್ಲಿ ಮಾತ್ರ ಡೌನ್‌ಲೋಡ್ ಆಗಲಿ ಎಂಬ ಆಯ್ಕೆ ಆನ್ ಇದ್ದರೆ ಅಷ್ಟು ಹೊತ್ತಿಗೆ ಆಫ್ ಮಾಡಿ, ಮುಗಿದ ಮೇಲೆ ಮತ್ತೆ ಆನ್ ಮಾಡಬೇಕು. ಹೀಗೆ ಇಳಿಸಿಕೊಂಡದ್ದು ಆ್ಯಪ್‌ನ ಒಳಗೇ ಇರುತ್ತದೆ, ಬೇರೆಯವರಿಗೆ ಕಳಿಸಲಾಗದು, ಅವಧಿಯೂ ಇರುತ್ತದೆ. ಎಲ್ಲ ವಿಡಿಯೊಗಳಿಗೂ ಈ ಸೌಲಭ್ಯ ಉಚಿತವಾಗಿ ಸಿಗುವುದಿಲ್ಲ. ಸ್ಪಾಟಿಫೈನಲ್ಲಿ ಹಾಡು ಡೌನ್‌ಲೋಡ್ ಮಾಡಲು ದುಡ್ಡು ಕಟ್ಟಿದ ಖಾತೆ ಬೇಕು. ಹೊರಡುವ ಮೊದಲು ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ಓಡಿಸಿ ನೋಡಿದರೆ, ಪೂರ್ತಿ ಇಳಿದಿದೆಯೋ ಇಲ್ಲವೋ ಮನೆಯಲ್ಲೇ ತಿಳಿಯುತ್ತದೆ.

ಆಟೋಪ್ಲೇ ಎರಡು ಬಗೆಯದು. ಒಂದು ವಿಡಿಯೊ ಮುಗಿದ ಕೂಡಲೇ ಮುಂದಿನದು ಶುರುವಾಗುವುದು. ನೋಡುತ್ತಾ ನಿದ್ದೆ ಹೋದವರ ಡೇಟಾ ಖಾಲಿಯಾಗುವುದು ಇದರಿಂದ. ಅದರ ಸ್ವಿಚ್ ಪ್ಲೇಯರ್‌ನ ಮೇಲೆಯೇ ಕಾಣುತ್ತದೆ. ಎರಡನೆಯದು, ಪಟ್ಟಿಯನ್ನು ಬೆರಳಿನಿಂದ ಸರಿಸುವಾಗ ವಿಡಿಯೊಗಳು ಶಬ್ದವಿಲ್ಲದೆ ತಾವಾಗಿ ಓಡುವುದು. ಶಬ್ದ ಇಲ್ಲವೆಂದು ಇದು ಪುಕ್ಕಟೆ ಎಂದುಕೊಳ್ಳುವವರಿದ್ದಾರೆ, ಆದರೆ ಚಿತ್ರಗಳು ಬರುತ್ತಲೇ ಇರುತ್ತವೆ. ಯೂಟ್ಯೂಬ್‌ನ Playback in feeds ಆಯ್ಕೆಯನ್ನು Wi-Fi only ಎಂದು ಮಾಡಿದರೆ ಮೊಬೈಲ್ ಡೇಟಾದಲ್ಲಿ ಇದು ನಿಲ್ಲುತ್ತದೆ.

ಇಷ್ಟು ಮಾಡಿದ ಮೇಲೂ ಡೇಟಾ ಕರಗುತ್ತಿದ್ದರೆ ಹಾಟ್‌ಸ್ಪಾಟ್ ಕಡೆ ನೋಡಿ. ನಿಮ್ಮ ಹಾಟ್‌ಸ್ಪಾಟ್‌ಗೆ ಸೇರಿದ ಟಿವಿ, ಲ್ಯಾಪ್‌ಟಾಪ್‌ಗಳು ಅದನ್ನು ವೈಫೈ ಎಂದೇ ತಿಳಿದು ಹೆಚ್ಚಿನ ಗುಣಮಟ್ಟದಲ್ಲಿ ಎಳೆದುಕೊಳ್ಳಬಹುದು. ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಲೆಕ್ಕ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪುಟದಲ್ಲಿರುತ್ತದೆ. ಹೆಚ್ಚಿನ ದುಡ್ಡಿನ ಪ್ಯಾಕ್ ಹಾಕಿಸುವ ಮೊದಲು ಆ ಪುಟವನ್ನು ಒಂದು ವಾರ ಗಮನಿಸಿ ನೋಡಿ.